ಏಳು ರಾತ್ರಿಯ ನಿದ್ದೆ ಲೆಕ್ಕ: ಏನನ್ನೂ ಬದಲಿಸೋ ಮುಂಚೆ ಬರೆದಿಡಿ

ಇವತ್ತು ನಿದ್ದೆ ಡೈರಿ ಬಗ್ಗೆ ಮಾತಾಡೋಣ. ರಾತ್ರಿ ನಿದ್ದೆ ಬರ್ತಿಲ್ಲ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರು ಏನ್ ಮಾಡ್ತೀವಿ? ಕಾಫಿ ಬಿಡ್ತೀವಿ, ಫೋನ್ ಹಾಲ್‌ನಲ್ಲಿಟ್ಟು ಬರ್ತೀವಿ, 9:30ಕ್ಕೇ ಮಲಗ್ತೀವಿ, ಬಿಸಿ ಹಾಲು ಕುಡೀತೀವಿ. ಎಲ್ಲಾ ಒಂದೇ ದಿನ. ನಾಲ್ಕು ದಿನ ಆದ್ಮೇಲೆ ಸ್ವಲ್ಪ ಸರಿಹೋದ್ರೂ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ, ಸರಿಹೋಗದಿದ್ರೆ ಯಾವುದು ತಪ್ಪು ಅಂತಲೂ ಗೊತ್ತಾಗಲ್ಲ. ಅದಕ್ಕೇ ನಿದ್ದೆ ಕ್ಲಿನಿಕ್‌ಗಳಲ್ಲಿ ಮೊದಲು ಒಂದೋ ಎರಡೋ ವಾರ ಡೈರಿ ಬರೆಸ್ತಾರೆ. ಆ ಒಂದು ವಾರ ಈಗ ಹೇಗಿದ್ದೀರೋ ಹಾಗೇ ಇರ್ಬೇಕು. ಒಂದು ನಿಜವಾದ ಡೈರಿಯನ್ನೇ ಇಟ್ಕೊಂಡು ಇದನ್ನ ನೋಡೋಣ.

ಏನು ಬರೀಬೇಕು?

ಬೇರೆ ಬೇರೆ ಕಡೆ ಬೇರೆ ಬೇರೆ ನಮೂನೆ ಇತ್ತು ಅಂತ, 2012ರಲ್ಲಿ ನಿದ್ದೆ ತಜ್ಞರ ಒಂದು ತಂಡ ‘ಕನ್ಸೆನ್ಸಸ್ ಸ್ಲೀಪ್ ಡೈರಿ’ ಅನ್ನೋ ಒಂದು ಸಾಮಾನ್ಯ ನಮೂನೆ ಪ್ರಕಟಿಸ್ತು. ಅದರ ತಿರುಳು ಬೆಳಿಗ್ಗೆ ಉತ್ತರಿಸೋ ಕೆಲವೇ ಪ್ರಶ್ನೆ. ಹಾಸಿಗೆಗೆ ಹೋಗಿದ್ದು ಎಷ್ಟೊತ್ತಿಗೆ? ನಿದ್ದೆ ಮಾಡೋಣ ಅಂತ ಕಣ್ಣು ಮುಚ್ಚಿದ್ದು ಎಷ್ಟೊತ್ತಿಗೆ? ನಿದ್ದೆ ಹತ್ತೋಕೆ ಎಷ್ಟು ನಿಮಿಷ ಹಿಡೀತು? ಮಧ್ಯೆ ಎಷ್ಟು ಸಲ ಎಚ್ಚರ ಆಯ್ತು, ಒಟ್ಟು ಎಷ್ಟು ಹೊತ್ತು? ಕೊನೇ ಸಲ ಎಚ್ಚರ ಆಗಿದ್ದು, ಹಾಸಿಗೆ ಬಿಟ್ಟಿದ್ದು ಎಷ್ಟೊತ್ತಿಗೆ? ನಿದ್ದೆ ಹೇಗಿತ್ತು?

ಇದರ ಜೊತೆ ರಾತ್ರಿ ಮಲಗೋ ಮುಂಚೆ ಒಂದು ಸಾಲು: ಹಗಲಲ್ಲಿ ಅಥವಾ ಸಂಜೆ ಕಣ್ಣು ಮುಚ್ಚಿದ್ರಾ, ಕೊನೇ ಕಾಫಿ ಅಥವಾ ಟೀ ಯಾವಾಗ, ಮಾತ್ರೆ ಅಥವಾ ಮದ್ಯ ಏನಾದ್ರೂ ತಗೊಂಡ್ರಾ. ಮುಟ್ಟಿನ ದಿನ, ಜ್ವರ, ಪರೀಕ್ಷೆ, ಊರಿಗೆ ಬಸ್ ಪ್ರಯಾಣ ಇದ್ರೆ ಅದನ್ನೂ ಬರೀರಿ.

ಮೊದಲ ಎರಡು ಪ್ರಶ್ನೆ ಒಂದೇ ಥರ ಕೇಳಿಸುತ್ತೆ, ಆದ್ರೆ ಬೇರೆ ಬೇರೆ. ನೀವು 10:30ಕ್ಕೆ ಹಾಸಿಗೆಗೆ ಹೋಗಿ, ರೀಲ್ಸ್ ನೋಡಿ, 11:45ಕ್ಕೆ ಫೋನ್ ಪಕ್ಕಕ್ಕಿಟ್ಟು, 12 ಗಂಟೆಗೆ ನಿದ್ದೆ ಮಾಡಿದ್ರಿ ಅಂದ್ಕೊಳ್ಳಿ. ಆಗ ನಿದ್ದೆ ಹತ್ತೋಕೆ ಹಿಡಿದಿದ್ದು 15 ನಿಮಿಷ. ಎರಡನ್ನೂ ಒಂದೇ ಅಂತ ಬರೆದ್ರೆ ಅದು ಒಂದೂವರೆ ಗಂಟೆ ಆಗಿಬಿಡುತ್ತೆ, ಇಲ್ಲದ ಕಾಯಿಲೆ ಇದ್ದ ಹಾಗೆ ಕಾಣುತ್ತೆ.

ಹೇಗೆ ಬರೀಬೇಕು?

ಎದ್ದ ಒಂದು ಗಂಟೆಯೊಳಗೆ ಬರೀಬೇಕು. ಬುಧವಾರ ಕೂತು ಮೂರು ದಿನದ್ದು ಒಟ್ಟಿಗೆ ತುಂಬಿದ್ರೆ ಅಲ್ಲಿರೋದು ನೆನಪಲ್ಲ, ನಿಮ್ಮ ಊಹೆ. ‘ನಂಗೆ ನಿದ್ದೆನೇ ಬರಲ್ಲ’ ಅಂತ ಮೊದಲೇ ನಂಬಿದ್ರೆ ಕೈ ಅದನ್ನೇ ಬರೆಯುತ್ತೆ.

ಇನ್ನೊಂದು, ರಾತ್ರಿ ಗಡಿಯಾರ ನೋಡಬೇಡಿ. ‘ಅಯ್ಯೋ 1:20 ಆಯ್ತು’ ಅಂತ ನೋಡಿದಾಗೆಲ್ಲ ಆತಂಕ ಹೆಚ್ಚಾಗಿ, ಬರ್ತಿರೋ ನಿದ್ದೆನೂ ದೂರ ಹೋಗುತ್ತೆ. ‘ಸುಮಾರು ಅರ್ಧ ಗಂಟೆ’ ಅನ್ನೋ ಅಂದಾಜೇ ಸಾಕು, ಡೈರಿಗೆ ಬೇಕಾಗಿರೋದೂ ಅದೇ. ಸ್ಮಾರ್ಟ್‌ವಾಚ್ ಇದ್ರೆ ನಿಮ್ಮ ಅಂದಾಜು ಬರೆದಾದ ಮೇಲೆ ಅದನ್ನ ನೋಡಿ. ವಾಚ್ ಮುಖ್ಯವಾಗಿ ಕೈ ಅಲುಗಾಟ ಮತ್ತು ಹೃದಯ ಬಡಿತದಿಂದ ಲೆಕ್ಕ ಹಾಕುತ್ತೆ. ಎಚ್ಚರವಿದ್ದೂ ಅಲ್ಲಾಡದೆ ಮಲಗಿದ್ರೆ ಅದನ್ನೂ ನಿದ್ದೆ ಅಂತ ಸೇರಿಸಬಹುದು.

ಡೈರಿ ಚೆನ್ನಾಗಿ ಕಾಣ್ಲಿ ಅಂತ ಆ ವಾರ ಬೇಗ ಮಲಗೋಕೂ ಹೋಗಬೇಡಿ. ಹಾಗೆ ಮಾಡಿದ್ರೆ ಆ ವಾರ ನಿಮ್ಮದಾಗಿರಲ್ಲ.

ಒಂದು ಡೈರಿ ಓದೋಣ

ನನ್ನ ಚಿಕ್ಕಮ್ಮನ ಮಗಳಿಗೆ 24 ವರ್ಷ. ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ. ಮಂಗಳವಾರ, ಗುರುವಾರ ವರ್ಕ್ ಫ್ರಮ್ ಹೋಮ್, ಉಳಿದ ಮೂರು ದಿನ ಆಫೀಸು. ‘ದಿನಾ ಎರಡು ಗಂಟೆ ಹೊರಳಾಡ್ತೀನಿ ಕಣಕ್ಕ, 9:30ಕ್ಕೇ ಮಲಗೋಕೆ ಶುರು ಮಾಡ್ತೀನಿ, ಕಾಫಿನೂ ಬಿಡ್ತೀನಿ’ ಅಂದ್ಳು. ಒಂದು ವಾರ ತಡಿ, ಮೊದಲು ಬರಿ ಅಂದೆ. ಅವಳ ಒಪ್ಪಿಗೆ ತಗೊಂಡೇ ಇಲ್ಲಿ ಹೇಳ್ತಿದ್ದೀನಿ. ಕೆಲಸದ ದಿನ ಎಲ್ಲಾ 6:30ಕ್ಕೆ ಅಲಾರಂ. ಮಧ್ಯರಾತ್ರಿ ಎಚ್ಚರ ಆಗಿದ್ದು ತೀರಾ ಕಡಿಮೆ, ಹಾಗಾಗಿ ಅದನ್ನ ಬಿಟ್ಟಿದ್ದೀನಿ. ಇಲ್ಲಿ ‘ಮಲಗಿದ್ದು’ ಅಂದ್ರೆ ಫೋನ್ ಇಟ್ಟು ಕಣ್ಣು ಮುಚ್ಚಿದ್ದು.

- ಸೋಮವಾರ ರಾತ್ರಿ: 11:00ಕ್ಕೆ ಮಲಗಿದ್ದು, ನಿದ್ದೆ ಹತ್ತೋಕೆ 30 ನಿಮಿಷ, ಎದ್ದಿದ್ದು 6:30
- ಮಂಗಳವಾರ: ಸಂಜೆ 7:30ರಿಂದ 8:30 ಸೋಫಾ ಮೇಲೆ ನಿದ್ದೆ. ರಾತ್ರಿ 11:00ಕ್ಕೆ ಮಲಗಿದ್ದು, 75 ನಿಮಿಷ, ಎದ್ದಿದ್ದು 6:30
- ಬುಧವಾರ: 11:30ಕ್ಕೆ ಮಲಗಿದ್ದು, 20 ನಿಮಿಷ, ಎದ್ದಿದ್ದು 6:30
- ಗುರುವಾರ: ಸಂಜೆ ಮತ್ತೆ ಒಂದು ಗಂಟೆ ನಿದ್ದೆ. 10:45ಕ್ಕೆ ಮಲಗಿದ್ದು, 90 ನಿಮಿಷ, ಎದ್ದಿದ್ದು 6:30
- ಶುಕ್ರವಾರ: 12:45ಕ್ಕೆ ಮಲಗಿದ್ದು, 15 ನಿಮಿಷ, ಎದ್ದಿದ್ದು 9:00
- ಶನಿವಾರ: 1:00ಕ್ಕೆ ಮಲಗಿದ್ದು, 15 ನಿಮಿಷ, ಎದ್ದಿದ್ದು 10:30
- ಭಾನುವಾರ: 10:30ಕ್ಕೆ ಮಲಗಿದ್ದು, 120 ನಿಮಿಷ, ಎದ್ದಿದ್ದು 6:30

ಮೊದಲು ‘ದಿನಾ ಎರಡು ಗಂಟೆ’ ಅನ್ನೋದನ್ನ ನೋಡಿ. ಎರಡು ಗಂಟೆ ಹಿಡಿದಿದ್ದು ಒಂದೇ ಒಂದು ರಾತ್ರಿ. ನಾಲ್ಕು ರಾತ್ರಿ ಅರ್ಧ ಗಂಟೆಯೊಳಗೆ ನಿದ್ದೆ ಬಂದಿದೆ. ಕೆಟ್ಟ ರಾತ್ರಿ ಮನಸ್ಸಲ್ಲಿ ಉಳಿಯುತ್ತೆ, ಒಳ್ಳೇ ರಾತ್ರಿ ಮರೆತುಹೋಗುತ್ತೆ, ಅಷ್ಟೇ.

ಇಲ್ಲಿ ಸರಾಸರಿ ತೆಗೆದ್ರೆ ಸುಮಾರು 52 ನಿಮಿಷ ಬರುತ್ತೆ. ಆದ್ರೆ 52 ನಿಮಿಷದ ಹತ್ತಿರ ಇರೋ ಒಂದು ರಾತ್ರಿನೂ ಅವಳ ವಾರದಲ್ಲಿಲ್ಲ. ಒಂದು ಗುಂಪು 15ರಿಂದ 30, ಇನ್ನೊಂದು 75ರಿಂದ 120. ಅದಕ್ಕೇ ಡೈರಿಯಲ್ಲಿ ಸರಾಸರಿ ಹುಡುಕೋದಕ್ಕಿಂತ ಕೆಟ್ಟ ರಾತ್ರಿಗಳಿಗೆ ಗುರುತು ಹಾಕಿ, ಅವುಗಳ ಹಿಂದಿನ ಹಗಲು ಹೇಗಿತ್ತು ಅಂತ ನೋಡಬೇಕು.

ಭಾನುವಾರ ಅವಳು ಎದ್ದಿದ್ದೇ ಬೆಳಿಗ್ಗೆ 10:30ಕ್ಕೆ. ರಾತ್ರಿ 10:30ಕ್ಕೆ ಮಲಗಿದಾಗ ಎಚ್ಚರವಾಗಿ ಆಗಿದ್ದು ಬರೀ 12 ಗಂಟೆ. ಅದೇ ಸೋಮವಾರ 6:30ಕ್ಕೆ ಎದ್ದು 11:00ಕ್ಕೆ ಮಲಗಿದಾಗ ಹದಿನಾರೂವರೆ ಗಂಟೆ ಆಗಿತ್ತು. ನಾವು ಎಚ್ಚರವಾಗಿರೋ ಹೊತ್ತು ಹೆಚ್ಚಾದಷ್ಟೂ ನಿದ್ದೆಯ ಒತ್ತಡ ಏರುತ್ತೆ. ಮಿದುಳಲ್ಲಿ ಸೇರ್ತಾ ಹೋಗೋ ಅಡೆನೋಸಿನ್ ಅನ್ನೋ ರಾಸಾಯನಿಕ ಇದಕ್ಕೊಂದು ಕಾರಣ. ನಿದ್ದೆ ಮಾಡಿದಾಗ ಆ ಒತ್ತಡ ಇಳಿಯುತ್ತೆ. ಇದರ ಜೊತೆ ದೇಹದ ಒಳಗಡಿಯಾರವೂ ಕೆಲಸ ಮಾಡುತ್ತೆ. ಈ ಎರಡು ಸೇರಿ ನಿದ್ದೆಯನ್ನ ನಡೆಸುತ್ತವೆ ಅನ್ನೋ ಮಾದರಿಯನ್ನ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಮುಂದಿಟ್ರು. ಭಾನುವಾರ ರಾತ್ರಿ ನಮ್ಮ ಹುಡುಗಿಗೆ ಒತ್ತಡವೂ ಸಾಲದು, ಎರಡು ದಿನ ತಡವಾಗಿ ಎದ್ದಿದ್ರಿಂದ ಒಳಗಡಿಯಾರವೂ ಹಿಂದಕ್ಕೆ ಸರಿದಿರೋ ಸಾಧ್ಯತೆ ಇದೆ.

ಮಂಗಳವಾರ, ಗುರುವಾರದ ಕಥೆನೂ ಇದಕ್ಕೆ ಹತ್ತಿರ. ಸಂಜೆಯ ಒಂದು ಗಂಟೆ ನಿದ್ದೆ ಕೂಡಿಟ್ಟ ಒತ್ತಡವನ್ನ ಇಳಿಸಿರುತ್ತೆ. ಹಾಗಾದ್ರೆ ಸಂಜೆ ನಿದ್ದೆ ಯಾಕೆ ಬರುತ್ತೆ? ಅದಕ್ಕೂ ಡೈರಿಯಲ್ಲೇ ಸುಳಿವಿದೆ. ಭಾನುವಾರ ರಾತ್ರಿ ನಿದ್ದೆ ಆಗಿದ್ದು 6 ಗಂಟೆ, ಮಂಗಳವಾರ ಆರೂಕಾಲು. ವಯಸ್ಕರಿಗೆ ಸಾಮಾನ್ಯವಾಗಿ 7 ಗಂಟೆಯಾದ್ರೂ ಬೇಕು. ಶುಕ್ರವಾರ ರಾತ್ರಿ 8, ಶನಿವಾರ ಒಂಬತ್ತೂಕಾಲು ಗಂಟೆ ಮಲಗಿದ್ದಾಳೆ. ಅಂದ್ರೆ ವಾರದಲ್ಲಿ ಬಿದ್ದ ಬಾಕಿಯನ್ನ ರಜೆಯಲ್ಲಿ ತೀರಿಸ್ತಿದ್ದಾಳೆ, ತೀರಿಸೋ ರೀತಿಯಿಂದಲೇ ಭಾನುವಾರ ರಾತ್ರಿ ಕೆಡ್ತಿದೆ.

ಈಗ ಅವಳ ಮೊದಲ ಯೋಜನೆ ನೋಡಿ. 9:30ಕ್ಕೆ ಮಲಗಿದ್ರೆ ಆಗ್ತಿದ್ದಿದ್ದು ಇನ್ನೂ ಹೆಚ್ಚು ಹೊರಳಾಟ. ಅವಳು ಬೇಗ ಮಲಗಿದ ಎರಡು ರಾತ್ರಿ, 10:30 ಮತ್ತು 10:45, ಅವೇ ಇಡೀ ವಾರದ ಅತಿ ಕೆಟ್ಟ ರಾತ್ರಿಗಳು.

ಡೈರಿ ಏನು ಹೇಳಲ್ಲ?

ಕಾಫಿ ವಿಷಯ ತಗೊಳ್ಳಿ. ಅವಳು ಏಳೂ ದಿನ ಸಂಜೆ 5ಕ್ಕೆ ಒಂದು ಕಾಫಿ ಕುಡಿದಿದ್ದಾಳೆ. ಒಳ್ಳೇ ರಾತ್ರಿಗೂ ಅದೇ ಕಾಫಿ, ಕೆಟ್ಟ ರಾತ್ರಿಗೂ ಅದೇ ಕಾಫಿ. ಹಾಗಾಗಿ ಅವಳ ನಿದ್ದೆಗೆ ಕಾಫಿ ತೊಂದರೆ ಮಾಡ್ತಿದೆಯಾ ಇಲ್ವಾ ಅಂತ ಈ ಡೈರಿಯಿಂದ ಹೇಳೋಕಾಗಲ್ಲ. ದಿನದಿಂದ ದಿನಕ್ಕೆ ಬದಲಾಗದ ವಿಷಯದ ಬಗ್ಗೆ ಡೈರಿ ಸುಮ್ಮನಿರುತ್ತೆ.

ಫೋನ್ ಇನ್ನೊಂದು ಥರ. ಶುಕ್ರವಾರ, ಶನಿವಾರ ಹಾಸಿಗೆಯಲ್ಲಿ ಅತಿ ಹೆಚ್ಚು ಫೋನ್ ನೋಡಿದ್ಳು, ಆದ್ರೂ 15 ನಿಮಿಷಕ್ಕೆ ನಿದ್ದೆ ಬಂತು. ಇದರಿಂದ ಫೋನ್ ಒಳ್ಳೇದು ಅಂತ ಆಗಲ್ಲ. ಅವಳು ಕಣ್ಣು ಮುಚ್ಚಿದ್ದೇ ಒಂದು ಗಂಟೆ ಹೊತ್ತಿಗೆ, ಆಗ ಯಾರಿಗಾದ್ರೂ ಸುಸ್ತಾಗಿರುತ್ತೆ.

ಸಂಜೆ ನಿದ್ದೆ ಬಗ್ಗೆಯೂ ಒಂದು ಅನುಮಾನ ಉಳಿಯುತ್ತೆ. ನಿದ್ದೆ ಮಾಡಿದ ಎರಡೂ ದಿನ ವರ್ಕ್ ಫ್ರಮ್ ಹೋಮ್. ಕಾರಣ ನಿದ್ದೆನೋ, ಇಡೀ ದಿನ ಮನೆಯೊಳಗೇ ಕೂತು ಬಿಸಿಲು ಕಾಣದೇ ಇದ್ದಿದ್ದೋ? ಎರಡೂ ಒಟ್ಟಿಗೇ ಬಂದಿರೋದ್ರಿಂದ ಒಂದು ವಾರದಲ್ಲಿ ಬೇರ್ಪಡಿಸೋಕಾಗಲ್ಲ. ಡೈರಿ ಕೊಡೋದು ಅನುಮಾನದ ಪಟ್ಟಿ, ತೀರ್ಪು ಕೊಡೋಕೆ ಇನ್ನೊಂದು ವಾರ ಬೇಕು.

ಎಂಟನೇ ದಿನ ಏನು?

ಆ ಪಟ್ಟಿಯಿಂದ ಒಂದೇ ಒಂದನ್ನ ಆರಿಸಿ, ಉಳಿದಿದ್ದನ್ನ ಹಾಗೇ ಬಿಟ್ಟು, ಮತ್ತೆ ಏಳು ದಿನ ಅದೇ ಪ್ರಶ್ನೆಗಳಿಗೆ ಉತ್ತರ ಬರೀರಿ. ಅವಳು ಆರಿಸಿದ್ದು ಭಾನುವಾರ ಬೆಳಿಗ್ಗೆ. 8 ಗಂಟೆಗೆ ಅಲಾರಂ, ರಾತ್ರಿ 11:00ಕ್ಕೆ ಮಲಗೋದು. ಎರಡೂ ಸೇರಿ ಒಂದೇ ಬದಲಾವಣೆ, ಅಂದ್ರೆ ಎಚ್ಚರದ ಹೊತ್ತನ್ನ 12ರಿಂದ 15 ಗಂಟೆಗೆ ಏರಿಸೋದು. ಸಂಜೆ ನಿದ್ದೆಯನ್ನ ಈಗಲೇ ಮುಟ್ಟಿಲ್ಲ, ಅದು ಮೂರನೇ ವಾರಕ್ಕೆ. ಈ ವಾರ ಅವಳು ಎರಡನೇ ಸುತ್ತು ಬರೀತಿದ್ದಾಳೆ.

ರಾತ್ರಿ ಪಾಳಿಯವರು ‘ರಾತ್ರಿ’ ಅನ್ನೋ ಕಡೆ ನಿಮ್ಮ ಮುಖ್ಯ ನಿದ್ದೆ ಅಂತ ಓದ್ಕೊಳ್ಳಿ. ಹಬ್ಬ, ಮದುವೆ, ಪರೀಕ್ಷೆ ಬಂದ ವಾರ ಆಗಿದ್ರೆ ಇನ್ನೊಂದು ವಾರ ಸೇರಿಸಿ.

ಕೆಲವರು ಡೈರಿ ಮುಗಿಯೋವರೆಗೂ ಕಾಯಬಾರದು. ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ನಿಲ್ಲುತ್ತೆ ಅಂತ ರೂಮ್‌ಮೇಟ್ ಹೇಳಿದ್ರೆ, ಗಾಡಿ ಓಡಿಸುವಾಗ ತೂಕಡಿಕೆ ಬಂದ್ರೆ, ನೇರ ಡಾಕ್ಟರ್ ಹತ್ರ ಹೋಗಿ. ವಾರಕ್ಕೆ ಮೂರು ರಾತ್ರಿ ಅಥವಾ ಹೆಚ್ಚು, ಮೂರು ತಿಂಗಳಿಂದ ನಿದ್ದೆ ಬರದೇ ಹಗಲು ಕೆಲಸಕ್ಕೂ ತೊಂದರೆ ಆಗ್ತಿದ್ರೂ ಹೋಗಲೇಬೇಕು. ನಿದ್ದೆ ಮಾತ್ರೆಯನ್ನ ನೀವಾಗಿ ಶುರು ಮಾಡೋದೂ ಬೇಡ, ತಗೋತಿದ್ರೆ ನೀವಾಗಿ ನಿಲ್ಲಿಸೋದೂ ಬೇಡ. ಡೈರಿ ಎಷ್ಟು ದಿನದ್ದಿದ್ರೂ ಕೈಯಲ್ಲಿ ಹಿಡ್ಕೊಂಡೇ ಹೋಗಿ. ‘ಎಷ್ಟೊತ್ತಿಗೆ ಮಲಗ್ತೀರಾ’ ಅಂತ ಅವರು ಕೇಳೋ ಮೊದಲ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತೆ.