ಡಿಗ್ರಿಗೆ ಎಷ್ಟು ರೂಪಾಯಿ?

ಒಂದೇ ತಾಲ್ಲೂಕಿನ ಇನ್ನೂರು ಮಂದಿಯ ತಿಂಗಳ ಸಂಪಾದನೆಯನ್ನು ಕೇಳಿ ಬರೆದುಕೊಂಡಿದ್ದೀರಿ ಎನ್ನಿ. ಎಲ್ಲರೂ ಮೂವತ್ತೈದರ ಆಸುಪಾಸಿನವರು. ನೂರು ಮಂದಿ ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟವರು, ನೂರು ಮಂದಿ ಡಿಗ್ರಿ ಮುಗಿಸಿದವರು. ಡಿಗ್ರಿಯವರ ಸರಾಸರಿ 30,000 ರೂಪಾಯಿ, ಎಸ್ಸೆಸ್ಸೆಲ್ಸಿಯವರದು 16,000. ಈ ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ನಾನೇ ಕಟ್ಟಿದ್ದೇನೆ. ಆದರೆ ಸಂಶೋಧನಾ ವಿಧಾನದ ಅಸೈನ್‌ಮೆಂಟುಗಳಲ್ಲಿ ಈ ಹಂತದಲ್ಲಿ ಬರುವ ವಾಕ್ಯ ನಿಜವಾದದ್ದೇ: ‘ಡಿಗ್ರಿ ಓದಿದ್ದರಿಂದ ಆದಾಯ ತಿಂಗಳಿಗೆ 14,000 ರೂಪಾಯಿ ಹೆಚ್ಚಾಗಿದೆ.’ ಕಳೆಯುವ ಲೆಕ್ಕ ಸರಿಯಾಗಿದೆ. ಅದರಿಂದ ಈ ಮಾತು ಮಾತ್ರ ಹೊರಡುವುದಿಲ್ಲ.

ಏಕೆಂದರೆ ಆ ಎರಡು ಗುಂಪುಗಳಲ್ಲಿ ಯಾರಿದ್ದಾರೆಂದು ಇನ್ನೂ ಕೇಳಿಯೇ ಇಲ್ಲ. ಕೇಳಿದರೆ ಹೀಗೆ ತಿಳಿಯುತ್ತದೆ. ಡಿಗ್ರಿಯ ನೂರರಲ್ಲಿ ಎಂಬತ್ತು ಮಂದಿ ನೀರಾವರಿ ಜಮೀನೋ ಸಂಬಳದ ನೌಕರಿಯೋ ಇದ್ದ ಮನೆಗಳಿಂದ ಬಂದವರು, ಇಪ್ಪತ್ತು ಮಂದಿ ಮಾತ್ರ ಕೂಲಿ ಮನೆಯವರು. ಎಸ್ಸೆಸ್ಸೆಲ್ಸಿಯ ನೂರರಲ್ಲಿ ಇದು ತಿರುವುಮುರುವು. ಈಗ ಒಂದೊಂದು ಬಗೆಯ ಮನೆಯನ್ನೂ ಬೇರೆಯಾಗಿ ನೋಡಿ. ಅನುಕೂಲಸ್ಥ ಮನೆಯಲ್ಲಿ ಡಿಗ್ರಿಯವರ ಸರಾಸರಿ 32,000, ಎಸ್ಸೆಸ್ಸೆಲ್ಸಿಯವರದು 24,000. ಕೂಲಿ ಮನೆಯಲ್ಲಿ 22,000 ಮತ್ತು 14,000. ಎರಡು ಕಡೆಯೂ ಅಂತರ 8,000 ಮಾತ್ರ. ಮೊದಲು ಕಂಡ 14,000ದಲ್ಲಿ ಉಳಿದ 6,000 ಡಿಗ್ರಿಯದಲ್ಲ, ಮನೆಯದು. ಡಿಗ್ರಿಯವರ ಗುಂಪಿನಲ್ಲಿ ಅನುಕೂಲಸ್ಥರೇ ತುಂಬಿಕೊಂಡಿದ್ದರಿಂದ ಅದು ಡಿಗ್ರಿಯ ಖಾತೆಗೆ ಜಮೆಯಾಗಿತ್ತು.

ಹೀಗೆ ಎರಡೂ ಕಡೆ ಕೈಯಾಡಿಸುವ ಸಂಗತಿಯನ್ನು ಕನ್‌ಫೌಂಡರ್ ಎನ್ನುತ್ತಾರೆ. ಮನೆಯ ಸ್ಥಿತಿ ಓದನ್ನು ನಿರ್ಧರಿಸುತ್ತದೆ: ಹಾಸ್ಟೆಲ್ಲಿನ ಫೀಸು ಕಟ್ಟಲು ಆಗುತ್ತದೆಯೇ, ಹದಿನಾರರ ಹುಡುಗನ ಕೂಲಿ ಇಲ್ಲದೆ ಮನೆ ನಡೆಯುತ್ತದೆಯೇ ಎಂಬುದೆಲ್ಲ ಅದರ ಕೈಯಲ್ಲಿದೆ. ಅದೇ ಮನೆ ಓದನ್ನು ಬಿಟ್ಟು ಬೇರೆ ದಾರಿಯಿಂದಲೂ ಆದಾಯವನ್ನು ಮುಟ್ಟುತ್ತದೆ. ಅಂಗಡಿ ಹಾಕಲು ಬಂಡವಾಳ ಕೊಡುತ್ತದೆ. ಕಚೇರಿಯಲ್ಲಿರುವ ಚಿಕ್ಕಪ್ಪನ ಪರಿಚಯ ಒದಗಿಸುತ್ತದೆ. ಧಾರವಾಡದಲ್ಲಿ ರೂಮು ಮಾಡಿಕೊಂಡು ಎರಡು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ದುಡಿಮೆಗೆ ಇಳಿ ಎಂದು ಒತ್ತಾಯಿಸದೆ ಕಾಯುತ್ತದೆ. ಎರಡೂ ದಾರಿ ಇದ್ದರಷ್ಟೇ ಕನ್‌ಫೌಂಡರ್. ಹಳ್ಳಿಯಿಂದ ಕಾಲೇಜಿಗೆ ಬಸ್ಸು ಇದೆಯೋ ಇಲ್ಲವೋ ಎಂಬುದು ಓದನ್ನು ಮಾತ್ರ ಮುಟ್ಟಿ, ಆದಾಯವನ್ನು ನೇರವಾಗಿ ಮುಟ್ಟದಿದ್ದರೆ ಅದು ಲೆಕ್ಕವನ್ನು ಕೆಡಿಸುವುದಿಲ್ಲ. ಕೆಡಿಸುವುದಿರಲಿ, ಅಂಥ ಸಂಗತಿ ಸಿಕ್ಕರೆ ಅರ್ಥಶಾಸ್ತ್ರಜ್ಞರು ಹಬ್ಬ ಮಾಡುತ್ತಾರೆ. ಏಕೆಂದು ಆಮೇಲೆ ನೋಡೋಣ.

ಮನೆಯ ಸ್ಥಿತಿಯನ್ನು ಲೆಕ್ಕಕ್ಕೆ ಸೇರಿಸಿದಾಗ 14,000 ಇಳಿದು 8,000 ಆಯಿತು. ಇಷ್ಟು ಕಲಿತ ವಿದ್ಯಾರ್ಥಿಗೆ ಮುಂದಿನ ಹಂತದಲ್ಲಿ ಉತ್ಸಾಹ ಜಾಸ್ತಿಯಾಗುತ್ತದೆ. ಪ್ರಶ್ನಾವಳಿಯಲ್ಲಿ ಉದ್ಯೋಗದ ಬಗೆಯೂ ಇದೆಯಲ್ಲ, ಅದನ್ನೂ ಸೇರಿಸಿಬಿಡೋಣ ಎನಿಸುತ್ತದೆ. ಒಂದೇ ಬಗೆಯ ಕೆಲಸದಲ್ಲಿರುವವರನ್ನು ಒಬ್ಬರಿಗೊಬ್ಬರು ಹೋಲಿಸಿದಾಗ ಅಂತರ 3,000ಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ‘ಡಿಗ್ರಿಯ ನಿಜವಾದ ಪರಿಣಾಮ 3,000 ಮಾತ್ರ’ ಎಂದು ಬರೆದರೆ ಹಿಂದಿನದಕ್ಕಿಂತ ದೊಡ್ಡ ತಪ್ಪಾಗುತ್ತದೆ. ಡಿಗ್ರಿ ಓದಿದ್ದರಿಂದಲೇ ಬ್ಯಾಂಕಿನ ಕೆಲಸ ಸಿಕ್ಕಿತು, ಆ ಕೆಲಸದಿಂದ ಸಂಬಳ ಬಂತು. ಕೆಲಸವು ಓದಿಗೂ ಆದಾಯಕ್ಕೂ ನಡುವೆ ಇರುವ ಮೆಟ್ಟಿಲು. ಇದೇ ಮೀಡಿಯೇಟರ್. ಒಂದೇ ಕೆಲಸದವರನ್ನು ಮಾತ್ರ ಹೋಲಿಸುವುದೆಂದರೆ ಡಿಗ್ರಿ ತಂದುಕೊಟ್ಟ ದೊಡ್ಡ ಲಾಭವನ್ನು, ಆ 5,000ವನ್ನು, ಮೊದಲೇ ಕಿತ್ತುಹಾಕಿ, ಉಳಿದದ್ದನ್ನು ಎಣಿಸುವುದು.

ಇಲ್ಲಿ ನಿಜವಾಗಿ ಎಡವುವ ಜಾಗವಿದೆ. ಕನ್‌ಫೌಂಡರನ್ನು ಸೇರಿಸಿದಾಗಲೂ ಸಂಖ್ಯೆ ಇಳಿಯಿತು, ಮೀಡಿಯೇಟರನ್ನು ಸೇರಿಸಿದಾಗಲೂ ಇಳಿಯಿತು. ಮೊದಲನೆಯದು ಬೇಕಾದ ಶುದ್ಧೀಕರಣ, ಎರಡನೆಯದು ಮಾಡಬಾರದ ಕತ್ತರಿಪ್ರಯೋಗ. ಆದರೆ ಎಸ್‌ಪಿಎಸ್‌ಎಸ್ ಪರದೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಯಾವ ಸಾಫ್ಟ್‌ವೇರೂ, ಎಷ್ಟು ಸಾವಿರ ಮಂದಿಯ ದತ್ತಾಂಶವೂ ಇದು ಯಾವುದು ಎಂದು ತಾನಾಗಿ ಹೇಳಲಾರದು. ಹೇಳಬೇಕಾದವನು ಸಂಶೋಧಕ, ಅವನು ಮೊದಲು ಕೇಳಬೇಕಾದದ್ದು ‘ಯಾವಾಗ’ ಎಂದು. ಅಪ್ಪನ ಜಮೀನು ಹುಡುಗ ಕಾಲೇಜಿಗೆ ಹೋಗುವ ಮೊದಲೇ ಇತ್ತು. ಬ್ಯಾಂಕಿನ ಕೆಲಸ ಬಂದದ್ದು ಡಿಗ್ರಿ ಆದ ಮೇಲೆ. ಇಂಗ್ಲಿಷ್ ಮಾತಾಡಲು ಬರುವುದನ್ನು ಯಾವ ಪಟ್ಟಿಗೆ ಹಾಕುತ್ತೀರಿ? ಮನೆಯಲ್ಲೇ ಚಿಕ್ಕಂದಿನಿಂದ ಬಂದಿದ್ದರೆ ಅದು ಕನ್‌ಫೌಂಡರ್, ಕಾಲೇಜಿನಲ್ಲಿ ಕಲಿತದ್ದಾದರೆ ಮೀಡಿಯೇಟರ್. ‘ನಿಮಗೆ ಇಂಗ್ಲಿಷ್ ಬರುತ್ತದೆಯೇ’ ಎಂದಷ್ಟೇ ಕೇಳಿದ ಪ್ರಶ್ನಾವಳಿಯಿಂದ ಇದನ್ನು ಬಿಡಿಸಲು ಸಾಧ್ಯವೇ ಇಲ್ಲ. ಹತ್ತನೇ ತರಗತಿಯಲ್ಲಿದ್ದಾಗ ಎಷ್ಟು ಬರುತ್ತಿತ್ತು ಎಂದು ಕೇಳಿಕೊಂಡಿರಬೇಕಿತ್ತು.

ಹಾಗಾದರೆ ಆ 3,000ವನ್ನು ಕೆಲಸದ ದಾರಿಯಿಂದಲ್ಲದೆ ಡಿಗ್ರಿ ನೇರವಾಗಿ ಕೊಟ್ಟದ್ದು ಎಂದಾದರೂ ಬರೆಯಬಹುದೇ? ಅದೂ ಸುಲಭವಲ್ಲ. ಬ್ಯಾಂಕಿನಲ್ಲೋ ಕಚೇರಿಯಲ್ಲೋ ಮೇಜಿನ ಮುಂದೆ ಕೂತಿರುವ ಎಸ್ಸೆಸ್ಸೆಲ್ಸಿ ಮನುಷ್ಯನನ್ನು ನೋಡಿ. ಡಿಗ್ರಿ ಇಲ್ಲದೆಯೂ ಅಲ್ಲಿಗೆ ಬಂದಿದ್ದಾನೆ ಎಂದರೆ ಅವನು ಮಹಾ ಚುರುಕಿನವನಿರಬೇಕು, ಇಲ್ಲವೇ ಬಲವಾದ ಶಿಫಾರಸು ಇದ್ದಿರಬೇಕು. ಪಕ್ಕದ ಮೇಜಿನ ಡಿಗ್ರಿಯವನಿಗೆ ಅಂಥದ್ದೇನೂ ಬೇಕಾಗಿರಲಿಲ್ಲ. ಇಬ್ಬರನ್ನು ಹೋಲಿಸಿದಾಗ ನಾವು ಡಿಗ್ರಿಯನ್ನು ಚುರುಕುತನದ ಎದುರು ತೂಗುತ್ತಿರುತ್ತೇವೆ. ಹೀಗೆ ಮೀಡಿಯೇಟರನ್ನು ಸೇರಿಸಿದ ಕೂಡಲೇ, ಮೊದಲು ಇಲ್ಲದಿದ್ದ ಹೊಸ ವಕ್ರತೆ ಲೆಕ್ಕದೊಳಗೆ ನುಸುಳುತ್ತದೆ. ಮಾಡರೇಟರ್ ಬೇರೆ, ಮೀಡಿಯೇಟರ್ ಬೇರೆ ಎಂದು ಬಿಡಿಸಿ ಹೇಳಿದ ಬ್ಯಾರನ್ ಮತ್ತು ಕೆನ್ನಿ ಅವರ 1986ರ ಪ್ರಬಂಧದ ಹಂತಗಳನ್ನು ಇಂದಿಗೂ ಅಸೈನ್‌ಮೆಂಟುಗಳಲ್ಲಿ ಅನುಸರಿಸುತ್ತಾರೆ. ಹಂತಗಳನ್ನು ಮುಗಿಸಿದ ಮಾತ್ರಕ್ಕೆ ಈ ತೊಡಕು ಹೋಗುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಎಂ.ಎ. ಮಟ್ಟದ ಸಣ್ಣ ಸಮೀಕ್ಷೆಯಲ್ಲಿ ಒಟ್ಟು ಪರಿಣಾಮವಾದ 8,000ವನ್ನು ನೆಟ್ಟಗೆ ಅಂದಾಜು ಮಾಡಿದರೆ ಸಾಕು. ಎಷ್ಟು ಪಾಲು ಯಾವ ದಾರಿಯಿಂದ ಬಂತೆಂದು ಹಂಚುವ ಗೋಜಿಗೆ ಹೋಗದಿರುವುದೇ ಪ್ರಾಮಾಣಿಕತೆ.

ಮಾಡರೇಟರ್ ಈ ಎರಡಕ್ಕಿಂತ ಬೇರೆ ಜಾತಿಯದು. ಅದು ಹಿಂದೆಯೂ ನಿಲ್ಲುವುದಿಲ್ಲ, ನಡುವೆಯೂ ಬರುವುದಿಲ್ಲ. ಡಿಗ್ರಿಯ ಪರಿಣಾಮ ಯಾರಿಗೆ ಎಷ್ಟು ಎಂಬುದನ್ನು ಹೆಚ್ಚು ಕಡಿಮೆ ಮಾಡುತ್ತದೆ. ನಮ್ಮ ಇನ್ನೂರು ಮಂದಿಯಲ್ಲಿ ಅರ್ಧ ಗಂಡಸರು, ಅರ್ಧ ಹೆಂಗಸರು ಎನ್ನಿ. ಸರಾಸರಿ 8,000 ಬಂದರೂ ಗಂಡಸರಲ್ಲಿ ಅದು 11,000, ಹೆಂಗಸರಲ್ಲಿ 5,000 ಇರಬಹುದು. ಹಾಗಿದ್ದರೆ ಲಿಂಗ ಇಲ್ಲಿ ಮಾಡರೇಟರ್. ಹೆಂಗಸರ ಸಂಪಾದನೆ ಗಂಡಸರಿಗಿಂತ ಕಡಿಮೆ ಎಂದಷ್ಟೇ ತೋರಿಸಿದರೆ ಇದು ಸಾಬೀತಾಗುವುದಿಲ್ಲ. ಡಿಗ್ರಿಯಿಂದಾದ ಏರಿಕೆಯೇ ಬೇರೆಬೇರೆ ಎಂದು ತೋರಿಸಬೇಕು. ಡಿಗ್ರಿ ಮುಗಿಸಿ, ಮದುವೆಯಾಗಿ ಮನೆಯಲ್ಲೇ ಉಳಿದವರ ಆದಾಯವನ್ನು ಸೊನ್ನೆ ಎಂದು ಬರೆದಿರೋ, ಪಟ್ಟಿಯಿಂದಲೇ ಕೈಬಿಟ್ಟಿರೋ ಎಂಬುದರ ಮೇಲೂ ಈ 5,000 ಬಹಳ ಏರುಪೇರಾಗುತ್ತದೆ. ಅದನ್ನು ವರದಿಯಲ್ಲಿ ಹೇಳಲೇಬೇಕು.

ಮಾಡರೇಟರ್ ಹುಡುಕುವಾಗ ಪದೇ ಪದೇ ಆಗುವ ತಪ್ಪು ಒಂದಿದೆ. ಗಂಡಸರ 11,000ಕ್ಕೆ ಸುಮಾರು 2,000ದಷ್ಟು ಅನಿಶ್ಚಿತತೆ ಇದೆ, ಅಂದರೆ ಸ್ಟ್ಯಾಂಡರ್ಡ್ ಎರರ್ ಅಷ್ಟು. ಹೆಂಗಸರ 5,000ಕ್ಕೆ 3,000. ಮೊದಲನೆಯದು ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಎರಡನೆಯದು ಆಗುವುದಿಲ್ಲ. ‘ಆದ್ದರಿಂದ ಡಿಗ್ರಿಯ ಪ್ರಯೋಜನ ಗಂಡಸರಿಗೆ ಮಾತ್ರ’ ಎಂದು ಬರೆದುಬಿಡುತ್ತಾರೆ. ಆದರೆ ಪರೀಕ್ಷಿಸಬೇಕಾದದ್ದು ಇವೆರಡರ ನಡುವಿನ ಅಂತರವನ್ನು, ಅಂದರೆ 6,000ವನ್ನು. ಅದರ ಸ್ಟ್ಯಾಂಡರ್ಡ್ ಎರರ್ ಸುಮಾರು 3,600. ಎರಡು ಪಟ್ಟೂ ಆಗದ ಈ ಅಂತರ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಇಷ್ಟು ಮಂದಿಯ ಮಾಹಿತಿಯಿಂದ ಲಿಂಗ ಮಾಡರೇಟರ್ ಹೌದೋ ಅಲ್ಲವೋ ಎಂದು ಹೇಳಲಾಗದು. ರಿಗ್ರೆಷನ್ನಿನಲ್ಲಿ ಡಿಗ್ರಿ ಮತ್ತು ಲಿಂಗಗಳ ಗುಣಲಬ್ಧವನ್ನು ಸೇರಿಸುವುದು ಈ ಅಂತರವನ್ನು ನೇರವಾಗಿ ಪರೀಕ್ಷಿಸಲಿಕ್ಕೇ.

ಮನೆಯ ಸ್ಥಿತಿಯನ್ನಾದರೂ ಕೇಳಿ ಬರೆದುಕೊಳ್ಳಬಹುದು. ಹುಡುಗನ ಹಠ, ಬುದ್ಧಿ, ತಾಯಿಯ ಆಸೆ ಇವೂ ಕನ್‌ಫೌಂಡರುಗಳೇ, ಆದರೆ ಇವನ್ನು ಯಾವ ಪ್ರಶ್ನಾವಳಿ ಅಳೆಯುತ್ತದೆ? ಬಸ್ಸಿನ ಮಾತು ಮತ್ತೆ ಬರುವುದು ಇಲ್ಲಿಯೇ. ಓದನ್ನು ಮಾತ್ರ ತಳ್ಳಿ, ಆದಾಯವನ್ನು ನೇರವಾಗಿ ಮುಟ್ಟದ ಹೊರಗಿನ ಬದಲಾವಣೆಯೊಂದು ಸಿಕ್ಕರೆ, ಅದರಿಂದ ಹೆಚ್ಚು ಓದಿದವರನ್ನು ನೋಡಿ ಓದಿನ ಪರಿಣಾಮವನ್ನು ತಿಳಿಯಬಹುದು. ಹೆಚ್ಚು ಓದಿದ್ದು ಅವರ ಹಠದಿಂದಲ್ಲ, ಆ ಬದಲಾವಣೆಯಿಂದ.

ಇಂಡೋನೇಷ್ಯಾದಲ್ಲಿ ಅಂಥದ್ದು ನಡೆದಿತ್ತು. ತೈಲದ ಹಣ ಬಂದಿದ್ದ ಕಾಲದಲ್ಲಿ, 1973ರಿಂದ 1978ರವರೆಗೆ, ಅಲ್ಲಿನ ಸರ್ಕಾರ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿತು. ಮುಂದೆ ನೊಬೆಲ್ ಪಡೆದ ಎಸ್ತರ್ ಡುಫ್ಲೋ 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಆಧರಿಸಿದ್ದು. ಶಾಲೆ ಹೆಚ್ಚಾದ ಜಿಲ್ಲೆಯನ್ನೂ ಕಡಿಮೆಯಾದ ಜಿಲ್ಲೆಯನ್ನೂ ಸುಮ್ಮನೆ ಹೋಲಿಸುವಂತಿರಲಿಲ್ಲ. ಶಾಲೆಗೆ ಹೋಗದ ಮಕ್ಕಳು ಹೆಚ್ಚಿದ್ದ ಜಿಲ್ಲೆಗಳಿಗೇ ಸರ್ಕಾರ ಹೆಚ್ಚು ಶಾಲೆ ಕೊಟ್ಟಿತ್ತು, ಹಾಗಾಗಿ ಜಿಲ್ಲೆಯ ಸ್ಥಿತಿಯೇ ಕನ್‌ಫೌಂಡರ್. ಅವರು ವಯಸ್ಸನ್ನು ಹಿಡಿದರು. 1974ರಲ್ಲಿ ಹನ್ನೆರಡು ದಾಟಿದ್ದ ಹುಡುಗರಿಗೆ ಹೊಸ ಶಾಲೆಯ ಪ್ರಯೋಜನ ಸಿಗಲಿಲ್ಲ, ಎರಡರಿಂದ ಆರು ವರ್ಷದವರಿಗೆ ಪೂರ್ತಿ ಸಿಕ್ಕಿತು. ಒಂದೇ ಜಿಲ್ಲೆಯ ದೊಡ್ಡವರಿಗೂ ಚಿಕ್ಕವರಿಗೂ ಇರುವ ಅಂತರ ಹೆಚ್ಚು ಶಾಲೆ ಬಂದ ಕಡೆ ಎಷ್ಟು, ಕಡಿಮೆ ಬಂದ ಕಡೆ ಎಷ್ಟು ಎಂದು ನೋಡಿದರು. ಒಂದು ಸಾವಿರ ಮಕ್ಕಳಿಗೆ ಒಂದು ಶಾಲೆ ಹೆಚ್ಚಾದರೆ ಓದು ಸರಾಸರಿ 0.12ರಿಂದ 0.19 ವರ್ಷ ಹೆಚ್ಚಾಗಿತ್ತು. ಇದರಿಂದ ಲೆಕ್ಕ ಹಾಕಿದಾಗ ಒಂದು ವರ್ಷದ ಓದಿಗೆ ಕೂಲಿ-ಸಂಬಳ ಶೇ. 6.8ರಿಂದ 10.6ರಷ್ಟು ಏರುತ್ತದೆ ಎಂದು ಬಂತು. ಬೆಳೆದ ಮೇಲೆ ಅವರು ಯಾವ ಕೆಲಸಕ್ಕೆ ಸೇರಿದರೆಂಬುದನ್ನು ಅವರು ಈ ಲೆಕ್ಕದೊಳಗೆ ತರಲಿಲ್ಲ. ಅದು ಮೀಡಿಯೇಟರ್, ಒಟ್ಟು ಪರಿಣಾಮಕ್ಕೆ ಬೇಡ. ಈ ಅಂಕಿಯನ್ನು ಎಲ್ಲಿಗೆ ಬೇಕಾದರೂ ಒಯ್ಯುವಂತೆಯೂ ಇಲ್ಲ. ಅವರು ನೋಡಿದ್ದು ಗಂಡಸರನ್ನು ಮಾತ್ರ, ಅವರಲ್ಲೂ ಸಂಬಳಕ್ಕೆ ದುಡಿಯುತ್ತಿದ್ದವರು ಅರ್ಧಕ್ಕಿಂತ ಕಡಿಮೆ, ಹೆಚ್ಚಾದ ಓದೂ ಪ್ರಾಥಮಿಕ ಮಟ್ಟದ್ದು. ನಮ್ಮ ತಾಲ್ಲೂಕಿನ ಡಿಗ್ರಿಗೆ ಎಷ್ಟು ರೂಪಾಯಿ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.