ಮುಳ್ಳಿಲ್ಲದ ಸಿಲಿಂಡರ್

ಕಚೇರಿಯ ಮೊಗಸಾಲೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್‌ಗಳು ಎರಡು ಬಗೆಯವು ಇರುತ್ತವೆ. ಪುಡಿ ತುಂಬಿದ್ದರ ಕತ್ತಿಗೆ ಗಡಿಯಾರದಂಥ ಪುಟ್ಟ ಮೀಟರು. ಮುಳ್ಳು ಹಸಿರಿನಲ್ಲಿದ್ದರೆ ನಿಶ್ಚಿಂತೆ. ಪಕ್ಕದ ಇನ್ನೊಂದು, ಕಪ್ಪು ಕೊಂಬು ಸಿಕ್ಕಿಸಿದ ಇಂಗಾಲದ ಡೈಆಕ್ಸೈಡ್ ಸಿಲಿಂಡರಿಗೆ ಮೀಟರೇ ಇಲ್ಲ. ತಯಾರಕರು ಮರೆತದ್ದಲ್ಲ. ಅಲ್ಲಿ ಮೀಟರಿಟ್ಟರೆ ಅದು ಸುಳ್ಳು ಹೇಳುತ್ತದೆ. ಏಕೆಂಬುದು ಕಾಲೇಜಿನ ರಸಾಯನಶಾಸ್ತ್ರ ಪುಸ್ತಕದಲ್ಲಿರುವ ಒಂದು ನಕ್ಷೆಯಲ್ಲಿದೆ: ಫೇಸ್ ಡಯಾಗ್ರಾಂ, ಅಂದರೆ ಸ್ಥಿತಿನಕ್ಷೆ.

ಇದನ್ನು ಓದುವುದು ಊರಿನ ನಕ್ಷೆ ಓದಿದಷ್ಟೇ ಸುಲಭ. ಎಡದಿಂದ ಬಲಕ್ಕೆ ಹೋದಂತೆ ಉಷ್ಣತೆ ಏರುತ್ತದೆ, ಕೆಳಗಿನಿಂದ ಮೇಲಕ್ಕೆ ಒತ್ತಡ. ಎಡಗಡೆ ಘನದ ಸೀಮೆ, ಮೇಲೆ ನಡುವೆ ದ್ರವದ್ದು, ಕೆಳಗೆ ಬಲಕ್ಕೆ ಅನಿಲದ್ದು. ಸೀಮೆಗಳ ನಡುವಿನ ಗೆರೆಯ ಮೇಲೆ ಮಾತ್ರ ಅಕ್ಕಪಕ್ಕದ ಎರಡೂ ಸ್ಥಿತಿಗಳು ಒಟ್ಟಿಗೆ ಇರಬಲ್ಲವು.

ಮೊದಲು ನೀರಿನ ನಕ್ಷೆ. ನಾವು ಬದುಕುವ 1 ವಾತಾವರಣ ಒತ್ತಡದ ಎತ್ತರದಲ್ಲಿ ಬೆರಳಿಟ್ಟು ಬಲಕ್ಕೆ ಎಳೆದರೆ 0 ಡಿಗ್ರಿಯಲ್ಲಿ ಒಂದು ಗೆರೆ, 100 ಡಿಗ್ರಿಯಲ್ಲಿ ಇನ್ನೊಂದು. ಕುದಿಯುವ ಗೆರೆ ಬಲಕ್ಕೆ ಹೋದಂತೆ ಮೇಲೇರುತ್ತದೆ. ಕುಕ್ಕರಿನಲ್ಲಿ ಒತ್ತಡ ಸುಮಾರು ಎರಡು ಪಟ್ಟಾದಾಗ ನೀರು 120 ಡಿಗ್ರಿಯಲ್ಲಿ ಕುದಿಯುವುದು ಅದಕ್ಕೇ. ಬೆರಳನ್ನು ಬಹಳ ಕೆಳಗೆ, ವಾತಾವರಣದ ಒತ್ತಡದ ಸಾವಿರದಲ್ಲಿ ಆರು ಪಾಲಿಗೆ ಇಳಿಸಿದರೆ ಮೂರು ಗೆರೆಗಳೂ 0.01 ಡಿಗ್ರಿಯಲ್ಲಿ ಕೂಡುತ್ತವೆ. ಇದು ತ್ರಿಬಿಂದು, ಟ್ರಿಪಲ್ ಪಾಯಿಂಟ್. ಮಂಜುಗಡ್ಡೆ, ನೀರು, ಆವಿ ಮೂರೂ ಒಂದೇ ಪಾತ್ರೆಯಲ್ಲಿ ನೆಮ್ಮದಿಯಾಗಿರುವ ಏಕೈಕ ಜಾಗ. ಅದಕ್ಕಿಂತ ಕೆಳಗಿನ ಒತ್ತಡದಲ್ಲಿ ದ್ರವಕ್ಕೆ ಜಾಗವೇ ಇಲ್ಲ.

ಈಗ ಇಂಗಾಲದ ಡೈಆಕ್ಸೈಡಿನ ನಕ್ಷೆ. ಆಕಾರ ಹೆಚ್ಚುಕಡಿಮೆ ಅದೇ, ಆದರೆ ತ್ರಿಬಿಂದು ಇರುವುದು ಮೈನಸ್ 56.6 ಡಿಗ್ರಿ ಹಾಗೂ 5.1 ವಾತಾವರಣ ಒತ್ತಡದಲ್ಲಿ. ಅಂದರೆ ನಮ್ಮ ತಲೆಯ ಮೇಲೆ! 1 ವಾತಾವರಣದಲ್ಲಿ ಬೆರಳೆಳೆದರೆ ಸಿಗುವುದು ಒಂದೇ ಗೆರೆ, ಮೈನಸ್ 78.5 ಡಿಗ್ರಿಯಲ್ಲಿ, ಘನದಿಂದ ನೇರ ಅನಿಲಕ್ಕೆ. ಡ್ರೈ ಐಸ್ ಕರಗಿದ ತಟ್ಟೆಯಲ್ಲಿ ಒದ್ದೆ ಉಳಿಯದಿರುವುದು ಇದರಿಂದ.

ಇನ್ನು ಕುದಿಯುವ ಗೆರೆಯ ಇನ್ನೊಂದು ತುದಿ. ಅದು ಹಾಗೇ ಏರುತ್ತ ಹೋಗುವುದಿಲ್ಲ, ಒಂದು ಕಡೆ ತಟ್ಟನೆ ನಿಂತುಬಿಡುತ್ತದೆ. ಅದೇ ಕ್ರಾಂತಿಬಿಂದು, ಕ್ರಿಟಿಕಲ್ ಪಾಯಿಂಟ್. 1860ರ ದಶಕದಲ್ಲಿ ಬೆಲ್‌ಫಾಸ್ಟ್‌ನ ಥಾಮಸ್ ಆಂಡ್ರ್ಯೂಸ್ ಗಾಜಿನ ಕೊಳವೆಯಲ್ಲಿ ಈ ಅನಿಲವನ್ನು ಒತ್ತಿ, ಬಿಸಿಮಾಡಿ ನೋಡಿದರು. ಸುಮಾರು 31 ಡಿಗ್ರಿ ಬಂದಾಗ ದ್ರವದ ಮೇಲ್ಮೈಯ ಗೆರೆ ಮಸುಕಾಗಿ ಅಳಿಸಿಹೋಯಿತು. ಆಮೇಲೆ ಉಳಿದದ್ದು ಇದು ದ್ರವ, ಇದು ಅನಿಲ ಎಂದು ಬೇರ್ಪಡಿಸಲಾಗದ ಒಂದೇ ವಸ್ತು. ನೀರಿಗೆ ಈ ತುದಿ 374 ಡಿಗ್ರಿ, 218 ವಾತಾವರಣದಷ್ಟು ದೂರ. ರಾಯಚೂರಿನ ಬಳಿಯ ಯರಮರಸ್ ವಿದ್ಯುತ್ ಸ್ಥಾವರದ ಬಾಯ್ಲರುಗಳು ಅದನ್ನೂ ದಾಟಿ ಕೆಲಸ ಮಾಡುತ್ತವೆ.

ಈಗ ಸಿಲಿಂಡರಿಗೆ ಬರೋಣ. 4.5 ಕಿಲೋ ತುಂಬಿದ್ದರ ಒಳಗಿನ ಜಾಗ ಸುಮಾರು 6.7 ಲೀಟರು ಎಂದುಕೊಳ್ಳಿ. ಕೋಣೆಯಲ್ಲಿ 25 ಡಿಗ್ರಿ. ಒಳಗೆ ದ್ರವವೂ ಅದರ ಮೇಲೆ ಅನಿಲವೂ ಇವೆ, ಅಂದರೆ ಅದು ಕುದಿಯುವ ಗೆರೆಯ ಮೇಲೆ ಕೂತಿದೆ. ಗೆರೆಯ ಮೇಲೆ ಇದ್ದಮೇಲೆ ಒತ್ತಡವನ್ನು ಉಷ್ಣತೆಯೇ ತೀರ್ಮಾನಿಸುತ್ತದೆ: ಸುಮಾರು 64 ವಾತಾವರಣ. ಸೋರಿ ಅರ್ಧ ಖಾಲಿಯಾದರೂ ಅಷ್ಟೇ, ಕಳೆದುಹೋದ ಅನಿಲದ ಜಾಗಕ್ಕೆ ದ್ರವ ಆವಿಯಾಗಿ ಬರುತ್ತದೆ. ಕೊನೆಯ ಹನಿ ಮುಗಿಯುವ ಹೊತ್ತಿಗೆ ಉಳಿದಿರುವುದು ಸುಮಾರು 1.6 ಕಿಲೋ ಮಾತ್ರ. ಮೀಟರು ಇದ್ದಿದ್ದರೆ ಅಲ್ಲಿಯವರೆಗೂ ಮುಳ್ಳು ಅಲ್ಲಾಡುತ್ತಿರಲಿಲ್ಲ. ಹಾಗಾಗಿ ತಪಾಸಣೆಗೆ ಬಂದವರು ತಕ್ಕಡಿ ತರುತ್ತಾರೆ. ಮೈಮೇಲೆ ಒತ್ತಿರುವ ಖಾಲಿ ತೂಕವನ್ನು ಕಳೆದು, ಒಳಗಿನದು ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು, ಅಂದರೆ ಇಲ್ಲಿ 450 ಗ್ರಾಂ ಮೀರಿ ಕಡಿಮೆಯಾಗಿದ್ದರೆ, ಮತ್ತೆ ತುಂಬಿಸಲು ಕಳಿಸುತ್ತಾರೆ.

ಕಲಬುರಗಿಯ ಮೇ ತಿಂಗಳಲ್ಲಿ ಇದೇ ಸಿಲಿಂಡರನ್ನು ಶೆಡ್ಡಿನಲ್ಲಿಟ್ಟರೆ ಕತೆ ಬೇರೆ. ಪೂರ್ತಿ ತುಂಬಿದ್ದರೆ 31 ಡಿಗ್ರಿಗೂ ಮುಂಚೆಯೇ ದ್ರವ ಹಿಗ್ಗಿ ಬಾಯಿವರೆಗೆ ತುಂಬಿಕೊಳ್ಳುತ್ತದೆ. ಅಲ್ಲಿಂದಾಚೆ ಹಿಗ್ಗಲು ಜಾಗವಿಲ್ಲ, ಒತ್ತಡ ನೆಟ್ಟಗೆ ಏರುತ್ತದೆ. 40 ಡಿಗ್ರಿಯಲ್ಲಿ 100 ವಾತಾವರಣ ದಾಟಿರುತ್ತದೆ. ಮಿತಿಮೀರಿದರೆ ಸಿಲಿಂಡರ್ ಸಿಡಿಯುವ ಬದಲು ತಾನೇ ಹರಿದು ಅನಿಲ ಹೊರಬಿಡಲೆಂದು ಕವಾಟದಲ್ಲಿ ತೆಳು ಲೋಹದ ಬಿಲ್ಲೆ ಇರುತ್ತದೆ.

ಹಿಡಿ ಒತ್ತಿದಾಗ ದ್ರವ ಕೊಂಬಿನ ಬಾಯಲ್ಲಿ ಒಮ್ಮೆಲೇ 5.1ರ ಕೆಳಕ್ಕೆ, ದ್ರವಕ್ಕೆ ಎಡೆಯಿಲ್ಲದ ಸೀಮೆಗೆ ಬೀಳುತ್ತದೆ. ಹೆಚ್ಚು ಪಾಲು ಅನಿಲವಾಗುತ್ತದೆ, ಆ ಭರದಲ್ಲಿ ಶಾಖ ಕಳೆದುಕೊಂಡ ಉಳಿದದ್ದು ಮೈನಸ್ 78 ಡಿಗ್ರಿಯ ಬಿಳಿ ಹಿಮ. ತರಬೇತಿ ಕೊಡುವವರು ಕೊಂಬನ್ನು ಬರಿಗೈಯಲ್ಲಿ ಹಿಡಿಯಬೇಡಿ, ಹಿಡಿಕೆ ಹಿಡಿಯಿರಿ ಎಂದು ಕೂಗುವುದು ಈ ಹಿಮಕ್ಕೆ ಹೆದರಿ.