ಡೈ ಏರಿಸಿದ ಮೇಲೆ ಎಷ್ಟು ಹೊಡೆಯಬೇಕು?

ಬೆಂಗಳೂರಿನ ಪೀಣ್ಯದಂಥ ಕಡೆ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳೋಣ. ಪ್ರೆಸ್‌ನಲ್ಲಿ ಉಕ್ಕಿನ ಬ್ರ್ಯಾಕೆಟ್ ಹೊಡೆದು, ಪಕ್ಕದ ಅಸೆಂಬ್ಲಿಯಲ್ಲಿ ತಾನೇ ಬಳಸಿಕೊಳ್ಳುತ್ತದೆ. ಅಸೆಂಬ್ಲಿಗೆ ದಿನಕ್ಕೆ 100 ಬೇಕು, ಪ್ರೆಸ್ 400 ಹೊಡೆಯುತ್ತದೆ. ವರ್ಷಕ್ಕೆ 300 ದಿನ ಕೆಲಸ. ಡೈ ಬದಲಿಸಿ, ಕೂರಿಸಿ, ಮೊದಲ ಕೆಲವು ತುಂಡುಗಳನ್ನು ಗುಜರಿಗೆ ಎಸೆಯುವ ಹೊತ್ತಿಗೆ 1,800 ರೂಪಾಯಿ ಖರ್ಚಾಗಿರುತ್ತದೆ. ಒಂದು ಬ್ರ್ಯಾಕೆಟನ್ನು ವರ್ಷವಿಡೀ ಇಟ್ಟುಕೊಂಡರೆ ಬಡ್ಡಿ, ಜಾಗ, ತುಕ್ಕು ಎಲ್ಲ ಸೇರಿ 4 ರೂಪಾಯಿ.

ಕಡಿಮೆ ಹೊಡೆದರೆ ಪದೇ ಪದೇ ಡೈ ಬದಲಿಸಬೇಕು. ಹೆಚ್ಚು ಹೊಡೆದರೆ ದಾಸ್ತಾನಿನಲ್ಲಿ ಹಣ ಕೂರುತ್ತದೆ. ಈ ಎರಡು ಖರ್ಚುಗಳನ್ನು ತೂಗುವ ಸೂತ್ರವನ್ನು ಅಮೆರಿಕದ ಫೋರ್ಡ್ ಹ್ಯಾರಿಸ್ 1913ರಲ್ಲೇ ಕೊಟ್ಟಿದ್ದರು. ಆದರೆ ಅದು ಇಡೀ ಲಾಟ್ ಒಂದೇ ಸಲ ಗೋದಾಮಿಗೆ ಬಂದು ಬೀಳುತ್ತದೆಂದು ಭಾವಿಸುತ್ತದೆ. ಸ್ವಂತ ತಯಾರಿಕೆಯಲ್ಲಿ ಹಾಗಾಗುವುದಿಲ್ಲ. ಪ್ರೆಸ್ 400 ಹೊಡೆಯುವ ದಿನವೇ ಅಸೆಂಬ್ಲಿ 100 ಒಯ್ಯುತ್ತದೆ, ಉಳಿಯುವುದು 300. 1918ರಲ್ಲಿ ಇ. ಡಬ್ಲ್ಯೂ. ಟಾಫ್ಟ್ ಈ ಅಂಶವನ್ನೂ ಲೆಕ್ಕಕ್ಕೆ ಸೇರಿಸಿದರು:

Q = √[2DK / h(1 − d/p)]

D ವರ್ಷದ ಬೇಡಿಕೆ, K ಒಂದು ಸಲದ ಸೆಟ್ಟಿಂಗ್ ಖರ್ಚು, h ಇಟ್ಟುಕೊಳ್ಳುವ ಖರ್ಚು, d ದಿನದ ಬಳಕೆ, p ದಿನದ ತಯಾರಿಕೆ. ನಮ್ಮ ಅಂಕಿಗಳನ್ನು ಹಾಕಿದರೆ ಉತ್ತರ 6,000. ಪ್ರೆಸ್ 15 ದಿನ ಓಡುತ್ತದೆ, ಅದು ನಿಂತಾಗ ಕೈಯಲ್ಲಿರುವುದು 4,500, ಅದು ಇನ್ನೂ 45 ದಿನಕ್ಕೆ ಸಾಕು. ಗೋದಾಮಿನಲ್ಲಿ 6,000ಕ್ಕೆ ಜಾಗ ಮಾಡಬೇಕಿಲ್ಲ. ವರ್ಷಕ್ಕೆ ಐದು ಸಲ ಸೆಟ್ಟಿಂಗ್, 9,000 ರೂಪಾಯಿ, ದಾಸ್ತಾನಿಗೂ ಅಷ್ಟೇ.

ಹ್ಯಾರಿಸ್ ಸೂತ್ರ ಸುಮಾರು 5,200 ಎನ್ನುತ್ತಿತ್ತು. ಅದರಂತೆ ನಡೆದರೂ ವರ್ಷಕ್ಕೆ ಆಗುವ ನಷ್ಟ 200 ರೂಪಾಯಿಯನ್ನೂ ಮುಟ್ಟದು. ಲಾಟ್ ಸ್ವಲ್ಪ ಆಚೀಚೆಯಾದರೆ ಖರ್ಚು ಅಷ್ಟಾಗಿ ಏರುವುದಿಲ್ಲ ಎಂಬುದು ಈ ಲೆಕ್ಕದ ದೊಡ್ಡ ಅನುಕೂಲ.

ಎಡವುವುದು ಬೇರೆ ಕಡೆ. ಹೊಡೆದ ಬ್ರ್ಯಾಕೆಟ್‌ಗಳು ನೇರವಾಗಿ ಅಸೆಂಬ್ಲಿಗೆ ಹೋಗದೆ, ಇಡೀ ಲಾಟ್ ಒಟ್ಟಾಗಿ ಪ್ಲೇಟಿಂಗ್‌ಗೆ ಹೋಗಿ ಒಟ್ಟಾಗಿ ಮರಳುವುದಾದರೆ ಟಾಫ್ಟ್ ಸೂತ್ರ ಹೊಂದುವುದಿಲ್ಲ; ಅಲ್ಲಿ ಹ್ಯಾರಿಸ್ ಲೆಕ್ಕವೇ ಸರಿ. p ಎಂದರೆ ಯಂತ್ರದ ಫಲಕದಲ್ಲಿರುವ ವೇಗವೂ ಅಲ್ಲ; ರಿಜೆಕ್ಟ್ ಮತ್ತು ರಿಪೇರಿ ಕಳೆದು ದಿನಕ್ಕೆ ಕೈಗೆ ಸಿಗುವ ಒಳ್ಳೆಯ ತುಂಡುಗಳು. ಅದೇ ಪ್ರೆಸ್ ಮೇಲೆ ಬೇರೆ ಡೈಗಳೂ ಏರಬೇಕಿದ್ದರೆ, 15 ದಿನ ಅದನ್ನು ಹಿಡಿದಿಟ್ಟುಕೊಳ್ಳುವುದು ಸಾಧ್ಯವೇ ಎಂದು ಮೊದಲು ನೋಡಬೇಕು.

ಇಷ್ಟಾದ ಮೇಲೆ ಕಾರ್ಖಾನೆಯವರು ಕೈಹಾಕಬೇಕಾದದ್ದು K ಮೇಲೆ. ಜಪಾನಿನ ಶಿಗೆಯೊ ಶಿಂಗೊ ಡೈ ಬದಲಿಸುವ ಕೆಲಸದಲ್ಲಿ ಯಂತ್ರ ಓಡುತ್ತಿರುವಾಗಲೇ ಮಾಡಬಹುದಾದದ್ದನ್ನು ಬೇರ್ಪಡಿಸಿ, ಗಂಟೆಗಳ ಸೆಟ್ಟಿಂಗನ್ನು ನಿಮಿಷಗಳಿಗೆ ಇಳಿಸುವ ವಿಧಾನ ರೂಪಿಸಿದರು. ನಮ್ಮ ಕಾರ್ಖಾನೆಯಲ್ಲಿ 1,800 ರೂಪಾಯಿ 450ಕ್ಕೆ ಇಳಿದರೆ ಲಾಟ್ 3,000ಕ್ಕೆ ಬರುತ್ತದೆ, ವರ್ಷದ ಒಟ್ಟು ಖರ್ಚು 18,000ದಿಂದ 9,000 ರೂಪಾಯಿಗೆ.